ಜೈಲು ಸುಧಾರಣೆ ಮೇಲಿನ ಲಿಟರೇಚರ್ ರಿವ್ಯೂ: ನನ್ನ ಅನುಭವ

ನನ್ನ ಮೊದಲ ಕರಡು ಬರೀ ಪಟ್ಟಿಯ ಹಾಗಿತ್ತು. ಇವರು ಹೀಗಂದರು, ಅವರು ಹಾಗಂದರು, ಅಷ್ಟೇ. ಗೈಡ್ ಅದನ್ನು ಓದಿ ಒಂದೇ ಮಾತು ಕೇಳಿದರು: "ಇಷ್ಟೂ ಜನ ಅಳೆದಿದ್ದು ಒಂದನ್ನೇನಾ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಆಮೇಲೆ ಒಂದು ಶೀಟ್ ಮಾಡಿಕೊಂಡೆ. ಒಂದು ಪೇಪರಿಗೆ ಒಂದು ಸಾಲು. ಜೈಲಿನಲ್ಲಿ ಏನು ಬದಲಾಯಿಸಿದರು, ಯಾರ ಜೊತೆ ಹೋಲಿಸಿದರು, ಮರು ಅಪರಾಧವನ್ನು ಹೇಗೆ ಎಣಿಸಿದರು, ಎಷ್ಟು ವರ್ಷ ಕಾದು ನೋಡಿದರು, ಈ ನಾಲ್ಕನ್ನು ಪ್ರತಿ ಪೇಪರಿನಲ್ಲೂ ಹುಡುಕಿ ತುಂಬಿಸಿದೆ. ಮೂರನೇ ಕಾಲಮ್ಮೇ ನನ್ನ ಕಣ್ಣು ತೆರೆಸಿದ್ದು. ಕೆಲವರು ಮತ್ತೆ ಅರೆಸ್ಟ್ ಆದರೆ ಎಣಿಸುತ್ತಾರೆ, ಕೆಲವರು ಶಿಕ್ಷೆ ಆದರೆ ಮಾತ್ರ, ಇನ್ನು ಕೆಲವರು ಮತ್ತೆ ಜೈಲಿಗೆ ಬಂದರೆ. ಪೆರೋಲ್ ಷರತ್ತು ಮುರಿದರೂ ಜೈಲಿಗೆ ವಾಪಸ್ ಬರಬೇಕಾಗಬಹುದು, ಹೊಸ ಅಪರಾಧವೇ ಬೇಕಿಲ್ಲ. ಅಂದರೆ ಅದೇ ವ್ಯಕ್ತಿ ಒಂದು ಅಧ್ಯಯನದಲ್ಲಿ ಸುಧಾರಿಸಿದವನು, ಇನ್ನೊಂದರಲ್ಲಿ ಅಲ್ಲ! ಎಷ್ಟು ವರ್ಷ ಕಾದು ನೋಡಿದರು ಅನ್ನುವುದೂ ಹೀಗೇ ಲೆಕ್ಕ ಬದಲಿಸುತ್ತದೆ. ಹಾಗಾಗಿ ಒಂದು ವರ್ಷ ನೋಡಿದ ಫಲಿತಾಂಶವನ್ನೂ ಮೂರು ವರ್ಷ ನೋಡಿದ್ದನ್ನೂ ಒಂದೇ ವಾಕ್ಯದಲ್ಲಿ ಸೇರಿಸುವುದನ್ನು ನಿಲ್ಲಿಸಿದೆ.

ಮೂಲ ಪೇಪರ್ ಓದದೆ ಉಲ್ಲೇಖಿಸಬಾರದು ಅನ್ನುವುದು ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಟಿನ್‌ಸನ್ ಅವರಿಂದ ಗೊತ್ತಾಯಿತು. ಕೈದಿಗಳ ಸುಧಾರಣಾ ಕಾರ್ಯಕ್ರಮಗಳ ಬಗ್ಗೆ ಅವರು ಬರೆದ 1974ರ ಲೇಖನ ಅಂದರೆ "ಯಾವುದೂ ಕೆಲಸ ಮಾಡಲ್ಲ" ಅಂತ ಎಲ್ಲರೂ ಬರೆಯುತ್ತಾರೆ, ನಾನೂ ಬರೆದಿದ್ದೆ. ಮೂಲದಲ್ಲಿ ಅವರು ಕೆಲವು ಅಪವಾದಗಳಿವೆ ಅಂತ ಸೇರಿಸಿಯೇ ಹೇಳಿದ್ದರು. 1979ರಲ್ಲಂತೂ ಕೆಲವು ಕಾರ್ಯಕ್ರಮಗಳಿಂದ ಉಪಯೋಗ ಇದೆ ಅಂತ ತಮ್ಮ ನಿಲುವನ್ನೇ ಬದಲಿಸಿಕೊಂಡರು.

ಇನ್ನೊಂದು ಉದಾಹರಣೆ ಜೈಲಿನೊಳಗಿನ ಶಿಕ್ಷಣದ ಬಗ್ಗೆ ರ್‍ಯಾಂಡ್ ಸಂಸ್ಥೆ 2013ರಲ್ಲಿ ತಂದ, ಅಮೆರಿಕದ ಹಲವು ಅಧ್ಯಯನಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿದ ಮೆಟಾ ಅನಾಲಿಸಿಸ್. ಅದರಲ್ಲಿರುವುದು ಕ್ಲಾಸಿಗೆ ಸೇರಿದವರಲ್ಲಿ ಮರು ಅಪರಾಧದ "ಆಡ್ಸ್", ಅಂದರೆ ಮತ್ತೆ ಅಪರಾಧ ಮಾಡಿದವರ ಸಂಖ್ಯೆಗೂ ಮಾಡದವರ ಸಂಖ್ಯೆಗೂ ಇರುವ ಅನುಪಾತ, 43% ಕಡಿಮೆ ಅಂತ. ನಾನು ಅದನ್ನು "ಮರು ಅಪರಾಧ 43% ಇಳಿಯಿತು" ಅಂತ ಬರೆದುಬಿಟ್ಟಿದ್ದೆ, ಅದು ತಪ್ಪು. ಅವರ ಲೆಕ್ಕದಲ್ಲೇ ಅದು ನೂರು ಜನರಲ್ಲಿ ಸುಮಾರು 13 ಜನ ಕಡಿಮೆ ಆದ ಹಾಗೆ. ಜೊತೆಗೆ ಕ್ಲಾಸಿಗೆ ತಾವಾಗಿ ಸೇರುವವರಲ್ಲಿ ಬದಲಾಗುವ ಮನಸ್ಸು ಮೊದಲೇ ಇರಬಹುದು, ಅಲ್ವಾ? ಅದಕ್ಕೇ ಹೋಲಿಕೆಯ ಗುಂಪನ್ನು ಹೇಗೆ ಆರಿಸಿದರು ಅಂತ ಪ್ರತಿ ಪೇಪರಿನಲ್ಲೂ ನೋಡಿದೆ.

ಥೀಮ್‌ಗಳು ಶೀಟಿನಿಂದಲೇ ಬಂದವು: ಶಿಕ್ಷಣ ಮತ್ತು ಕೆಲಸದ ತರಬೇತಿ, ಚಿಕಿತ್ಸೆ, ಜೈಲಿನೊಳಗಿನ ಬದುಕು. ಮೂರನೆಯದರಲ್ಲಿ ಜೈಲಿನ ಸಮಾಜದ ಬಗ್ಗೆ ಸಮಾಜಶಾಸ್ತ್ರಜ್ಞ ಸೈಕ್ಸ್ ಅವರ 1958ರ ಕೆಲಸ, ಆಮೇಲೆ ಸಿಬ್ಬಂದಿ ಕೈದಿಗಳನ್ನು ಹೇಗೆ ನಡೆಸಿಕೊಳ್ಳುತ್ತಾರೆ ಅನ್ನುವುದರ ಮೇಲೆ ಲೀಬ್ಲಿಂಗ್ ಮಾಡಿದ ಕೆಲಸ.

ಹಿಂದಿನ ಅಧ್ಯಯನಗಳು ಉತ್ತರಿಸದೆ ಬಿಟ್ಟ ಗ್ಯಾಪ್ ಕೂಡ ಆ ಶೀಟಿನಲ್ಲೇ ಸಿಕ್ಕಿತು. "ಈ ಬಗ್ಗೆ ಯಾರೂ ಅಧ್ಯಯನ ಮಾಡಿಲ್ಲ" ಅಂತ ಸುಮ್ನೆ ಬರೆದಿದ್ದನ್ನು ಅಳಿಸಿದೆ. ನಾನು ಓದಿದ ಶಿಕ್ಷಣದ ಪೇಪರ್‌ಗಳಲ್ಲಿ ಹೆಚ್ಚಿನವು ಹೊರಗೆ ಬಂದ ಮೇಲಿನದನ್ನು ಎಣಿಸಿದ್ದವು, ಆದರೆ ಕ್ಲಾಸ್ ನಡೆದ ಜೈಲಿನ ವಾತಾವರಣ ಹೇಗಿತ್ತು ಅಂತ ದಾಖಲಿಸಿರಲಿಲ್ಲ. ಹಾಗಾಗಿ ಗ್ಯಾಪ್ ಅನ್ನು ಹೀಗೆ ಬರೆದೆ: ಒಂದೇ ಪಾಠಕ್ರಮ ಎರಡು ಜೈಲುಗಳಲ್ಲಿ ಬೇರೆ ಬೇರೆ ಫಲ ಕೊಟ್ಟರೆ, ಅದರಲ್ಲಿ ಸಿಬ್ಬಂದಿಯ ನಡವಳಿಕೆಯ ಪಾಲು ಎಷ್ಟು? ನನ್ನ ಸಂಶೋಧನಾ ಪ್ರಶ್ನೆ ಅದೇ ಆಯಿತು.