ಒಂದೇ ಸುಳ್ಳು ಮಾತು, ಕಾಂಟ್‌ನ ಎರಡು ಸೂತ್ರ: ನಾನು ಪಾಠ ಮಾಡುವ ರೀತಿ

ಪದವಿ ತರಗತಿಯಲ್ಲಿ ಜರ್ಮನ್ ತತ್ವಜ್ಞಾನಿ ಕಾಂಟ್‌ನ ನಿರುಪಾಧಿಕ ಆದೇಶ, ಅಂದರೆ ನಮ್ಮ ಆಸೆ ಏನೇ ಇದ್ದರೂ ಪಾಲಿಸಲೇಬೇಕಾದ ನೈತಿಕ ನಿಯಮ, ಪಾಠ ಮಾಡುವಾಗ ಒಂದು ಪ್ರಶ್ನೆ ಬಂದೇ ಬರುತ್ತದೆ. ಅದನ್ನು ಹೇಳುವ ಸೂತ್ರಗಳೆಲ್ಲ ಒಂದೇ ನಿಯಮದ ಬೇರೆ ಬೇರೆ ರೂಪ ಅಂತ 1785ರ ಪುಸ್ತಕದಲ್ಲಿ ಕಾಂಟನೇ ಬರೆದಿದ್ದಾನೆ. ಹಾಗಿದ್ದರೆ ಸಾರ್ವತ್ರಿಕ ನಿಯಮದ ಸೂತ್ರ, ಮಾನವತೆಯ ಸೂತ್ರ ಅಂತ ಎರಡನ್ನು ಯಾಕೆ ಓದಬೇಕು? ಇದಕ್ಕೆ ನಾನು ವ್ಯಾಖ್ಯಾನದಿಂದ ಉತ್ತರ ಕೊಡುವುದಿಲ್ಲ. ಕಾಂಟ್ ಕೊಟ್ಟ ಸುಳ್ಳು ವಾಗ್ದಾನದ ಉದಾಹರಣೆಯನ್ನೇ ತೆಗೆದುಕೊಂಡು ಎರಡು ಸಲ ಬಿಡಿಸುತ್ತೇನೆ.

ರವಿ ಅನ್ನುವ ಹುಡುಗನಿಗೆ 5,000 ರೂಪಾಯಿ ಬೇಕು ಅಂದುಕೊಳ್ಳಿ. ವಾಪಸ್ ಕೊಡಲು ಆಗಲ್ಲ ಅಂತ ಅವನಿಗೆ ಚೆನ್ನಾಗಿ ಗೊತ್ತು. ಆದರೂ ಗೆಳೆಯನ ಹತ್ತಿರ 'ಮುಂದಿನ ತಿಂಗಳು ಕೊಡ್ತೀನಿ' ಅನ್ನುತ್ತಾನೆ. ಮೊದಲು ಅವನ ಮನಸ್ಸಿನಲ್ಲಿರುವ ನಿಯಮವನ್ನು ವಿದ್ಯಾರ್ಥಿಗಳಿಂದಲೇ ಬರೆಸುತ್ತೇನೆ. ಅದರಲ್ಲಿ ಸಂದರ್ಭ, ಕೆಲಸ, ಉದ್ದೇಶ ಮೂರೂ ಇರಬೇಕು: 'ದುಡ್ಡಿನ ತೊಂದರೆ ಬಂದಾಗ, ತೀರಿಸಲ್ಲ ಅಂತ ಗೊತ್ತಿದ್ದೂ ತೀರಿಸುತ್ತೇನೆ ಅಂತ ಮಾತು ಕೊಟ್ಟು, ಸಾಲ ಪಡೆಯುತ್ತೇನೆ.' ಸಾರ್ವತ್ರಿಕ ನಿಯಮದ ಸೂತ್ರ ಹೇಳುವುದು, ನಿನ್ನ ನಿಯಮ ಎಲ್ಲರ ನಿಯಮವೂ ಆಗಲಿ ಅಂತ ಬಯಸಲು ಸಾಧ್ಯವಾದರೆ ಮಾತ್ರ ಹಾಗೆ ನಡೆ ಅಂತ. ಈಗ ತೊಂದರೆಯಲ್ಲಿರುವ ಎಲ್ಲರೂ ಇದೇ ನಿಯಮದಂತೆ ನಡೆಯುವ ಲೋಕವನ್ನು ಊಹಿಸಬೇಕು. ಅಲ್ಲಿ ಇಂಥ ಮಾತನ್ನು ಯಾರೂ ನಂಬಲ್ಲ. ನಂಬದಿದ್ದರೆ ಸಾಲ ಹುಟ್ಟಲ್ಲ. ಅಂದರೆ ರವಿ ತನ್ನ ನಿಯಮ ಎಲ್ಲರದ್ದೂ ಆಗಲಿ ಅಂತ ಬಯಸಿದ ಕ್ಷಣವೇ ಅವನ ಉಪಾಯ ಕೆಲಸ ಮಾಡುವುದು ನಿಂತುಹೋಗುತ್ತದೆ.

ಹೆಚ್ಚಿನವರು ಇಲ್ಲೇ ಜಾರುತ್ತಾರೆ. 'ಎಲ್ಲರೂ ಸುಳ್ಳು ಹೇಳಿದರೆ ಸಮಾಜ ಹಾಳಾಗುತ್ತದೆ' ಅಂತ ಬರೆಯುತ್ತಾರೆ. ಅದು ಪರಿಣಾಮ ನೋಡಿ ತೀರ್ಮಾನಿಸುವ ದಾರಿ, ಕಾಂಟ್‌ನದ್ದಲ್ಲ. ನಾನು ಉತ್ತರ ತಿದ್ದುವಾಗ ಒಂದನ್ನೇ ಹುಡುಕುತ್ತೇನೆ: 'ಕೆಟ್ಟದಾಗುತ್ತದೆ' ಅಂತ ಬರೆದಿದ್ದಾರೋ, 'ಆಗಲು ಸಾಧ್ಯವೇ ಇಲ್ಲ' ಅಂತ ಬರೆದಿದ್ದಾರೋ? ಎರಡನೆಯದಿದ್ದರೆ ತರ್ಕದ ವಿರೋಧ ಎಲ್ಲಿದೆ ಅನ್ನುವುದು ಅವರಿಗೆ ತಿಳಿದಿದೆ.

ಈಗ ಎರಡನೇ ಸೂತ್ರ, ಮಾನವತೆಯದ್ದು: ಯಾವ ಮನುಷ್ಯನನ್ನೂ ಕೇವಲ ಸಾಧನವಾಗಿ ಬಳಸಬೇಡ, ಯಾವಾಗಲೂ ಗುರಿಯಾಗಿಯೂ, ಅಂದರೆ ತನ್ನ ದಾರಿ ತಾನೇ ಆರಿಸಿಕೊಳ್ಳುವವನಾಗಿಯೂ ಕಾಣು. ಇಲ್ಲಿ ಲೋಕವನ್ನೆಲ್ಲ ಊಹಿಸುವ ಕೆಲಸವಿಲ್ಲ, ಎದುರಿಗಿರುವ ಗೆಳೆಯನನ್ನು ನೋಡಿದರೆ ಸಾಕು. ರವಿ ಮಾಡುತ್ತಿರುವುದಕ್ಕೆ ಅವನು ಒಪ್ಪಲು ಸಾಧ್ಯವೇ? ಒಪ್ಪಬೇಕಾದರೆ ವಿಷಯ ಗೊತ್ತಿರಬೇಕು. ಗೊತ್ತಾದರೆ ಅದು ಮೋಸವಾಗಿ ಉಳಿಯುವುದೇ ಇಲ್ಲ. ಕೊಡಬೇಕೋ ಬೇಡವೋ ಅಂತ ತೀರ್ಮಾನಿಸುವ ಅವಕಾಶವನ್ನೇ ರವಿ ಅವನಿಂದ ಕಿತ್ತುಕೊಂಡಿದ್ದಾನೆ. ಸೂತ್ರದಲ್ಲಿರುವ 'ಕೇವಲ' ಅನ್ನುವುದನ್ನು ಬಿಟ್ಟು ಓದಬಾರದು. ಬಸ್ ಕಂಡಕ್ಟರ್ ಕೂಡ ನಮಗೆ ಒಂದು ಸಾಧನವೇ ಅಲ್ವಾ? ಆದರೆ ಟಿಕೆಟ್‌ಗೆ ದುಡ್ಡು ಕೊಡುತ್ತೇವೆ, ಅವರು ಗೊತ್ತಿದ್ದೇ ಆ ಕೆಲಸ ಒಪ್ಪಿಕೊಂಡಿದ್ದಾರೆ. ಅಲ್ಲಿ ತಪ್ಪಿಲ್ಲ.

ಉತ್ತರ ಒಂದೇ ಬಂತು, ಕಾರಣ ಬೇರೆ. ಮೊದಲ ಸೂತ್ರದ ಪ್ರಕಾರ ರವಿ ತನಗೊಬ್ಬನಿಗೇ ವಿನಾಯಿತಿ ಕೊಟ್ಟುಕೊಂಡಿದ್ದಾನೆ. ಎರಡನೆಯದರ ಪ್ರಕಾರ ಒಬ್ಬ ಮನುಷ್ಯನಿಗೆ ಅನ್ಯಾಯ ಮಾಡಿದ್ದಾನೆ. ನನಗೆ ಎರಡನೆಯದೇ ತಪ್ಪಿನ ಹತ್ತಿರಕ್ಕೆ ಹೋಗುತ್ತದೆ ಅನ್ನಿಸುತ್ತದೆ. ಮೋಸ ಹೋದ ಗೆಳೆಯನಿಗೆ ನೋವಾಗುವುದು ರವಿಯ ನಿಯಮ ತರ್ಕಕ್ಕೆ ನಿಲ್ಲಲಿಲ್ಲ ಅಂತಲ್ಲ.

ಈ ವ್ಯತ್ಯಾಸ ಇನ್ನೂ ಚೆನ್ನಾಗಿ ಕಾಣುವುದು ಎರಡು ಸೂತ್ರ ಬೇರೆ ಉತ್ತರ ಕೊಟ್ಟಂತೆ ತೋರುವ ಕಡೆ. 'ರಷ್ ತಪ್ಪಿಸಲು ಮಧ್ಯಾಹ್ನ ಎರಡಕ್ಕೆ ಮಾರ್ಕೆಟ್‌ಗೆ ಹೋಗುತ್ತೇನೆ' ಅನ್ನುವ ನಿಯಮ ತೆಗೆದುಕೊಳ್ಳಿ. ಎಲ್ಲರೂ ಹೀಗೆ ಮಾಡಿದರೆ ಎರಡು ಗಂಟೆಗೇ ರಷ್, ನನ್ನ ಉದ್ದೇಶ ಕೆಟ್ಟಿತು. ಮೊದಲ ಸೂತ್ರ ಇದನ್ನೂ ತಡೆದಂತೆ ಕಾಣುತ್ತದೆ. ಆದರೆ ಇದರಲ್ಲಿ ಯಾರನ್ನು ಬಳಸಿಕೊಂಡೆ? ಯಾರನ್ನೂ ಇಲ್ಲ. ಆಗ ನಿಯಮವನ್ನೇ ತಿದ್ದಿ ಬರೆಸುತ್ತೇನೆ: 'ರಷ್ ಕಡಿಮೆ ಇರುವ ಹೊತ್ತು ನೋಡಿ ಹೋಗುತ್ತೇನೆ, ಅಂಥ ಹೊತ್ತೇ ಇಲ್ಲದಿದ್ದರೆ ಇದ್ದ ಹೊತ್ತಿಗೆ ಹೋಗುತ್ತೇನೆ.' ಇದು ಪಾಸಾಗುತ್ತದೆ. ಇದರ ತದ್ವಿರುದ್ಧವೂ ಇದೆ. ಜಾಣ ವಿದ್ಯಾರ್ಥಿಯೊಬ್ಬ 'ಇಂಥ ಹೆಸರಿನ, ಇಂಥ ಊರಿನ, ಇಂಥ ದಿನ ಹುಟ್ಟಿದವನು ಮಾತ್ರ ಸುಳ್ಳು ಹೇಳಬಹುದು' ಅಂತ ನಿಯಮ ಬರೆದರೆ ಅದು ಎಲ್ಲರ ನಿಯಮವಾದರೂ ಸಾಲ ಕೊಡುವ ಪದ್ಧತಿ ಮುರಿಯಲ್ಲ. ರವಿ ನಿಜವಾಗಿ ನಡೆಯುವುದು ಅಂಥ ನಿಯಮದ ಮೇಲಲ್ಲ ಅಂತ ಕಾಂಟ್ ಪರವಾಗಿ ಹೇಳಬಹುದು. ಆದರೆ ಮಾನವತೆಯ ಸೂತ್ರಕ್ಕೆ ಆ ವಾದವೇ ಬೇಡ. ನಿಯಮವನ್ನು ಎಷ್ಟೇ ಕಿರಿದು ಮಾಡಿದರೂ ಗೆಳೆಯ ಮೋಸ ಹೋದದ್ದು ಹೋದದ್ದೇ.

ಕೊನೆಗೆ ಸಹಾಯದ ಉದಾಹರಣೆ ಕೊಡುತ್ತೇನೆ. 'ಯಾರಿಗೂ ಸಹಾಯ ಮಾಡಲ್ಲ, ಯಾರಿಂದಲೂ ಕಿತ್ತುಕೊಳ್ಳಲ್ಲ' ಅನ್ನುವವನ ಲೋಕ ನಡೆಯುತ್ತದೆ, ಅದರಲ್ಲಿ ತರ್ಕದ ವಿರೋಧವಿಲ್ಲ ಅಂತ ಕಾಂಟನೇ ಒಪ್ಪುತ್ತಾನೆ. ಆದರೆ ಅವನಿಗೂ ಒಂದು ದಿನ ಬೇರೆಯವರ ಸಹಾಯ ಬೇಕಾಗುತ್ತದೆ, ಹಾಗಾಗಿ ಅಂಥ ಲೋಕವನ್ನು ಅವನು ಬಯಸಲಾರ. ಮಾನವತೆಯ ಸೂತ್ರದಲ್ಲಿ ದಾರಿ ಬೇರೆ. ಅವನು ಯಾರನ್ನೂ ಬಳಸಿಕೊಂಡಿಲ್ಲ ನಿಜ. ಆದರೆ ಇನ್ನೊಬ್ಬರೂ ಸಾಧನವಲ್ಲ, ಸ್ವತಃ ಗುರಿ ಅಂತ ನಾವು ಒಪ್ಪಿದ ಮೇಲೆ, ಅವರ ಗುರಿಗಳಿಗೆ ಆದಷ್ಟು ಹೆಗಲು ಕೊಡಬೇಕು. ಸುಮ್ನೆ ಇದ್ದುಬಿಟ್ಟರೆ ಅರ್ಧ ಕೆಲಸ ಮಾತ್ರ ಆದಂತೆ.