ಆಡಿಟ್ ತಂಡ ಬರುವ ಮೊದಲು ನಾನು ಮಾಡಿಕೊಳ್ಳುವ ತಯಾರಿ

ತುಮಕೂರಿನ ವಸಂತನರಸಾಪುರದಲ್ಲಿರುವ ಎರಕದ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ನಾನು ಫೈನಾನ್ಸ್ ಮ್ಯಾನೇಜರ್. ಇಲ್ಲಿಗೆ ಬಂದ ಮೊದಲ ವರ್ಷ ಆಡಿಟರ್‌ಗಳು ಕಳಿಸಿದ ದಾಖಲೆ ಪಟ್ಟಿಯಲ್ಲಿ 64 ಬಾಬತ್ತುಗಳಿದ್ದವು. ಬಹುತೇಕ ಎಲ್ಲವನ್ನೂ ಕೊಟ್ಟಿದ್ದೆ. ಆದರೂ ಕೆಲಸ ಒಂಬತ್ತು ದಿನ ನಿಂತಿತು. ಕಾರಣ ಒಂದೇ ಸಾಲು: 'ಮಾರ್ಚ್ 31ಕ್ಕೆ ಜಾಬ್ ವರ್ಕ್‌ನವರ ಬಳಿ ಇರುವ ಸರಕು', ಅಂದರೆ ಕೆಲಸ ಮಾಡಿಕೊಡಲೆಂದು ಹೊರಗಿನ ಘಟಕಗಳಿಗೆ ನಾವು ಕಳಿಸಿದ ನಮ್ಮದೇ ಮಾಲು.

ಮ್ಯಾಷಿನಿಂಗಿಗೆ ಕೊಟ್ಟಿದ್ದ ಒಂದು ಘಟಕದ ಬಳಿ 1,240 ಪೀಸ್ ಇದೆ ಎಂದು ನಮ್ಮ ರಿಜಿಸ್ಟರ್ ಹೇಳಿತು. ತಮ್ಮ ಬಳಿ ಎಷ್ಟಿದೆ ಎಂದು ಆ ಘಟಕದವರು ಆಡಿಟರ್‌ಗಳಿಗೆ ಕಳಿಸಿದ ಖಾತ್ರಿ ಪತ್ರದಲ್ಲಿ ಇದ್ದದ್ದು 1,085. ವ್ಯತ್ಯಾಸ 155. ಚಲನ್‌ಗಳನ್ನೂ ಗೇಟ್ ರಿಜಿಸ್ಟರನ್ನೂ ಪಕ್ಕಪಕ್ಕ ಇಟ್ಟು ತಾಳೆ ನೋಡಿದಾಗ, 120 ಪೀಸ್ ಮಾರ್ಚ್ 30ರ ಸಂಜೆಯೇ ಗೇಟ್ ದಾಟಿ ಒಳಗೆ ಬಂದಿತ್ತು. "ಮೇಡಂ, ಮಾಲು ಅವತ್ತೇ ಬಂತು, ಎಂಟ್ರಿ ಏಪ್ರಿಲ್ 2ಕ್ಕೆ ಮಾಡಿದ್ವಿ" ಎಂದರು ಸ್ಟೋರ್ಸ್‌ನವರು. ಅಂಗಳದಲ್ಲಿದ್ದ ಆ ಪೀಸುಗಳನ್ನು 31ರ ಎಣಿಕೆಯಲ್ಲಿ ಎಣಿಸಿದ್ದೆವು, ಜಾಬ್ ವರ್ಕ್ ಪಟ್ಟಿಯಲ್ಲೂ ಹಿಡಿದಿದ್ದೆವು. ಒಂದೇ ಸರಕು ಎರಡು ಸಲ ದಾಸ್ತಾನಿಗೆ ಸೇರಿ, ಅಷ್ಟರ ಮಟ್ಟಿಗೆ ಲಾಭವೂ ಹೆಚ್ಚಾಗಿ ಕಂಡಿತ್ತು. ಉಳಿದ 35, ಅವರ ಬಳಿ ಕೆಟ್ಟು ಗುಜರಿಗೆ ಹೋದವು. ಅದಕ್ಕೆ ಯಾವ ಕಾಗದವೂ ಇರಲಿಲ್ಲ.

ಈಗ ಮಾರ್ಚ್ 31ರ ಸಂಜೆ ನಾನೇ ಸ್ಟೋರ್ಸ್‌ಗೆ ಹೋಗಿ, ಮಾಲು ಪಡೆದದ್ದಕ್ಕೆ ಅವರು ಬರೆಯುವ ಚೀಟಿಯಾದ ಜಿಆರ್‌ಎನ್‌ಗಳಲ್ಲಿ ಕೊನೆಯದು, ಕೊನೆಯ ಇನ್‌ವಾಯ್ಸ್, ಕೊನೆಯ ಜಾಬ್ ವರ್ಕ್ ಚಲನ್‌ಗಳ ನಂಬರ್ ಬರೆದುಕೊಂಡು ಸಹಿ ಹಾಕಿಸುತ್ತೇನೆ. ಗೇಟ್‌ನಲ್ಲಿ ಒಳಬಂದು ಜಿಆರ್‌ಎನ್ ಆಗದ ಮಾಲಿನ ಪಟ್ಟಿ ಬೇರೆ. ಇಷ್ಟಕ್ಕೆ ಬೇಕಾಗುವುದು ಅರ್ಧ ಗಂಟೆ.

ಖಾತ್ರಿ ಕೇಳುವ ಪತ್ರಗಳನ್ನು ನಮ್ಮ ಲೆಟರ್‌ಹೆಡ್‌ನಲ್ಲಿ ನಾವು ಸಹಿ ಮಾಡಿ ಕೊಟ್ಟರೂ, ಕಳಿಸುವುದು ಆಡಿಟರ್‌ಗಳು, ಉತ್ತರ ಹೋಗುವುದೂ ನೇರ ಅವರಿಗೇ. ಹಾಗಾಗಿ ನಾವು ಕೊಡುವ ವಿಳಾಸ ತಪ್ಪಾದರೆ ವಾರಗಟ್ಟಲೆ ಯಾರಿಗೂ ಗೊತ್ತಾಗುವುದಿಲ್ಲ. ಮಾರ್ಚ್‌ನಲ್ಲೇ ಪ್ರತಿ ಘಟಕದ ಲೆಕ್ಕ ನೋಡುವವರಿಗೆ ಫೋನ್ ಮಾಡಿ ಇಮೇಲ್ ಖಚಿತಪಡಿಸಿಕೊಳ್ಳುತ್ತೇನೆ. ಬಾಕಿಯನ್ನೂ ಆಗಲೇ ಒಮ್ಮೆ ತಾಳೆ ನೋಡಿಬಿಡುತ್ತೇನೆ.

ಆಡಿಟರ್‌ಗಳ ದಾಖಲೆ ಪಟ್ಟಿಯ ಪ್ರತಿ ಸಾಲಿನ ಮುಂದೆ ಇಲಾಖೆಯ ಹೆಸರಲ್ಲ, ಒಬ್ಬ ವ್ಯಕ್ತಿಯ ಹೆಸರಿರುತ್ತದೆ. 'ಅಕೌಂಟ್ಸ್' ಎಂದು ಬರೆದರೆ ಅದು ಯಾರ ಕೆಲಸವೂ ಅಲ್ಲದಂತಾಗುತ್ತದೆ. ಸಾಲಗಾರರ ಪಟ್ಟಿಯಾಗಲಿ, ಸ್ಥಿರಾಸ್ತಿ ರಿಜಿಸ್ಟರಾಗಲಿ, ಅದರ ಮೊತ್ತ, ಎಲ್ಲ ಖಾತೆಗಳ ಬಾಕಿ ತೋರಿಸುವ ಟ್ರಯಲ್ ಬ್ಯಾಲೆನ್ಸಿಗೆ ಕೂಡುವವರೆಗೆ 'ಸಿದ್ಧ' ಎಂದು ಗುರುತು ಹಾಕಬಾರದು ಎಂದು ಹುಡುಗರಿಗೆ ಹೇಳಿದ್ದೇನೆ. ಆಡಿಟರ್‌ಗಳಿಗೆ ಟ್ರಯಲ್ ಬ್ಯಾಲೆನ್ಸ್ ಕೊಟ್ಟ ಮೇಲೆ ಹಳೆಯ ವರ್ಷಕ್ಕೆ ಎಂಟ್ರಿ ಹಾಕಬೇಕಾದರೆ ನನ್ನ ಒಪ್ಪಿಗೆ ಬೇಕು. ಹಾಕಿದ್ದನ್ನು ಅದೇ ದಿನ ಅವರಿಗೂ ತಿಳಿಸುತ್ತೇವೆ, ಏಕೆಂದರೆ ಹೊಸ ಎಂಟ್ರಿ ಬಿದ್ದ ಮೇಲೆ ಅವರ ಬಳಿ ಇರುವ ಹಿಂದಿನ ವಾರದ ಪಟ್ಟಿ ಈ ವಾರದ ಲೆಕ್ಕಕ್ಕೆ ಕೂಡುವುದಿಲ್ಲ.

ಕಳೆದ ವರ್ಷ ಅದೇ ಘಟಕದಿಂದ ಬಂದ ಉತ್ತರದಲ್ಲಿ 18 ಪೀಸ್ ವ್ಯತ್ಯಾಸವಿತ್ತು. ಗುಜರಿ ಚಲನ್ ಫೈಲಿನಲ್ಲೇ ಇದ್ದದ್ದರಿಂದ ಮಧ್ಯಾಹ್ನದ ಊಟಕ್ಕೆ ಮೊದಲೇ ಬಗೆಹರಿಯಿತು.