ಹತ್ತು ವರ್ಷದ ಮುಂದಿನ ಶುಲ್ಕಕ್ಕೆ ಈ ತಿಂಗಳು ಎಷ್ಟು ತೆಗೆದಿಡಬೇಕು? ನಾನು ಲೆಕ್ಕ ಹಾಕಿದ ಬಗೆ

ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ನಾನು ಲೆಕ್ಕ ಬರೆಯುತ್ತೇನೆ. ಕಳೆದ ವರ್ಷ ಮಗಳು ಮೂರನೇ ತರಗತಿಗೆ ಕಾಲಿಟ್ಟಾಗ, ಅವಳ ಎಂಜಿನಿಯರಿಂಗ್ ಓದಿಗೆ ತಿಂಗಳಿಗೆ ಎಷ್ಟು ಉಳಿಸಬೇಕೆಂದು ಖಚಿತವಾಗಿ ತಿಳಿಯಬೇಕೆನಿಸಿತು. ‘ಕೈಲಾದಷ್ಟು ಕಟ್ಟುತ್ತಾ ಹೋಗು’ ಎಂದು ಮನೆಯಲ್ಲಿ ಎಲ್ಲರೂ ಹೇಳಿದರು. ಆದರೆ ಕೈಲಾದಷ್ಟು ಎನ್ನುವುದು ಸಾಕಾಗುತ್ತದೆಯೋ ಇಲ್ಲವೋ ಎಂಬುದು ಕಾಲೇಜಿನ ಕೌಂಟರಿನ ಮುಂದೆ ನಿಂತಾಗ ಗೊತ್ತಾದರೆ ಏನು ಪ್ರಯೋಜನ?

ಮೊದಲು ಬೇಕಾದದ್ದು ಇಂದಿನ ನಿಜವಾದ ಖರ್ಚು. ನಮ್ಮ ಓಣಿಯ ಒಂದು ಮನೆಯ ಇಬ್ಬರು ಹುಡುಗರು ಒಂದೇ ಖಾಸಗಿ ಕಾಲೇಜಿನಲ್ಲಿ, ಒಂದೇ ವಿಭಾಗದಲ್ಲಿ, ಸಿಇಟಿ ಮೂಲಕವೇ ಸೀಟು ಪಡೆದವರು. ಹಿರಿಯವನು ಸೇರಿದ ಐದು ವರ್ಷಕ್ಕೆ ಕಿರಿಯವನು ಸೇರಿದ. ಅವರ ತಾಯಿಯಿಂದ ಇಬ್ಬರ ಮೊದಲ ವರ್ಷದ ರಸೀದಿಗಳನ್ನೂ ಕೇಳಿ ಪಡೆದೆ. ಕಾಲೇಜಿನ ಇತರ ಶುಲ್ಕಗಳೂ ಸೇರಿ ಹಿರಿಯವನಿಗೆ 90,000 ರೂಪಾಯಿ, ಕಿರಿಯವನಿಗೆ 1,32,000. ಕಿರಿಯವನ ಹಾಸ್ಟೆಲ್ ಮತ್ತು ಊಟಕ್ಕೆ 76,000, ಪುಸ್ತಕ, ಪರೀಕ್ಷೆ, ಊರಿಗೆ ಬಂದುಹೋಗುವ ಬಸ್ ಚಾರ್ಜಿಗೆ 12,000. ಒಟ್ಟು ವರ್ಷಕ್ಕೆ 2,20,000.

ಹೋಲಿಸುವಾಗ ಕೋಟಾ ಒಂದೇ ಇರಬೇಕು. ಸಿಇಟಿ ಸೀಟು, ಕಾಮೆಡ್‌ಕೆ ಸೀಟು, ಆಡಳಿತ ಮಂಡಳಿಯ ಸೀಟು, ಮೂರಕ್ಕೂ ಶುಲ್ಕ ಬೇರೆ ಬೇರೆ. ಐದು ವರ್ಷದ ಹಿಂದಿನ ಸಿಇಟಿ ಶುಲ್ಕವನ್ನು ಇಂದಿನ ಕಾಮೆಡ್‌ಕೆ ಶುಲ್ಕದ ಪಕ್ಕದಲ್ಲಿಟ್ಟರೆ ಏರಿಕೆಯ ದರ ವಿಪರೀತವಾಗಿ ಕಾಣುತ್ತದೆ. ಇನ್ನು, 371(ಜೆ) ಮೀಸಲಾತಿಯಿಂದ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಇಲ್ಲಿನ ಕಾಲೇಜುಗಳಲ್ಲಿ ಶೇಕಡಾ 70, ರಾಜ್ಯದ ಉಳಿದ ಕಡೆ ಶೇಕಡಾ 8 ಸೀಟುಗಳಿವೆ. ನಮ್ಮ ಮಕ್ಕಳಿಗೆ ಅದು ದೊಡ್ಡ ಬಲ. ಆದರೂ ಸರ್ಕಾರಿ ಕಾಲೇಜಿನ ಕಡಿಮೆ ಶುಲ್ಕವನ್ನು ನಂಬಿ ನಾನು ಲೆಕ್ಕ ಹಾಕಲಿಲ್ಲ. ಅಲ್ಲಿ ಸೀಟು ಸಿಕ್ಕರೆ ಹಣ ಉಳಿಯುತ್ತದೆ, ಉಳಿದರೆ ಮುಂದಿನ ಓದಿಗಾಗುತ್ತದೆ.

90,000 ಐದು ವರ್ಷದಲ್ಲಿ 1,32,000 ಆಗಿದೆ, ಅಂದರೆ ಒಟ್ಟು ಸುಮಾರು ಶೇಕಡಾ 47 ಏರಿಕೆ. ಇದನ್ನು ಐದರಿಂದ ಭಾಗಿಸಿ ವರ್ಷಕ್ಕೆ ಒಂಬತ್ತೂವರೆ ಎಂದು ಬರೆದುಕೊಳ್ಳುವಂತಿಲ್ಲ. ಏರಿದ ಶುಲ್ಕದ ಮೇಲೆಯೇ ಮುಂದಿನ ಏರಿಕೆ ಬೀಳುವುದರಿಂದ ಇದಕ್ಕೂ ಚಕ್ರಬಡ್ಡಿಯ ಲೆಕ್ಕವೇ ಬೇಕು. ಹಾಗೆ ನೋಡಿದರೆ ವರ್ಷಕ್ಕೆ ಶೇಕಡಾ 8ರ ಏರಿಕೆ. ಮೊಬೈಲ್‌ನ ಶೀಟಿನಲ್ಲಿ ಎರಡು ಸಾಲು ಬರೆದರೆ ದರವೂ ಸಿಗುತ್ತದೆ, ಹತ್ತು ವರ್ಷದ ನಂತರದ ಖರ್ಚೂ ಸಿಗುತ್ತದೆ:

```
=(132000/90000)^(1/5)-1
=220000*1.08^10
```

ಎರಡನೇ ಸಾಲಿನ ಉತ್ತರ ಸುಮಾರು 4,75,000. ಇದು ಮೊದಲ ವರ್ಷದ ಖರ್ಚು ಮಾತ್ರ. ನಾಲ್ಕು ವರ್ಷದ ಓದಿಗೆ ಇದನ್ನೇ ನಾಲ್ಕರಿಂದ ಗುಣಿಸಿದರೆ ಕಡಿಮೆ ಬೀಳುತ್ತದೆ, ಏಕೆಂದರೆ ಮಗಳು ಓದುತ್ತಿರುವಾಗಲೂ ಖರ್ಚು ಏರುತ್ತಲೇ ಇರುತ್ತದೆ. ಪ್ರತಿ ವರ್ಷವನ್ನೂ ಬೇರೆಯಾಗಿ ಏರಿಸಬೇಕು. ಹತ್ತರ ಜಾಗದಲ್ಲಿ 11, 12, 13 ಹಾಕಿದಾಗ 5,13,000, 5,54,000, 5,98,000 ಬಂತು. ನಾಲ್ಕೂ ಸೇರಿ 21,40,000 ರೂಪಾಯಿ.

ಈ ಮೊತ್ತ ನೋಡಿ ನನ್ನ ಗಂಡ ಸುಮ್ಮನೆ ಕುಳಿತುಬಿಟ್ಟರು. ಆದರೆ ಇಷ್ಟೂ ಹಣ ಮೊದಲ ದಿನವೇ ಕೈಯಲ್ಲಿರಬೇಕಿಲ್ಲ. ನಾಲ್ಕನೇ ವರ್ಷದ ಶುಲ್ಕಕ್ಕೆಂದು ಇಟ್ಟ ಹಣ ಮೊದಲ ಮೂರು ವರ್ಷ ಬಡ್ಡಿ ದುಡಿಯುತ್ತಲೇ ಇರುತ್ತದೆ. ವರ್ಷಕ್ಕೆ ಶೇಕಡಾ 7 ಬಡ್ಡಿ ಎಂದು ಹಿಡಿದು ಎರಡನೇ ವರ್ಷದ ಮೊತ್ತವನ್ನು 1.07ರಿಂದ ಒಮ್ಮೆ, ಮೂರನೆಯದನ್ನು ಎರಡು ಬಾರಿ, ನಾಲ್ಕನೆಯದನ್ನು ಮೂರು ಬಾರಿ ಭಾಗಿಸಿದೆ. ಹಾಗೆ ಭಾಗಿಸಿ ಕೂಡಿದಾಗ ಕಾಲೇಜು ಸೇರುವ ದಿನ ಕೈಯಲ್ಲಿರಬೇಕಾದದ್ದು 19,26,500 ರೂಪಾಯಿ. ಎರಡು ಲಕ್ಷಕ್ಕೂ ಹೆಚ್ಚು ಭಾರ ಇಲ್ಲಿಯೇ ಇಳಿಯಿತು.

ಶೇಕಡಾ 7 ಎಂಬುದು ಎಲ್ಲಿಂದ ಬಂತೆಂದು ಹೇಳಬೇಕು. ನನ್ನ ಹೆಸರಿನಲ್ಲಿ ಪಿಪಿಎಫ್ ಖಾತೆಯಿದೆ. ಅದು ನಿಷ್ಕ್ರಿಯವಾಗದಿರಲೆಂದು ವರ್ಷಕ್ಕೆ ಕನಿಷ್ಠ 500 ರೂಪಾಯಿ ಕಟ್ಟುತ್ತಾ ಬಂದಿದ್ದೆ. ಖಾತೆ ತೆರೆದ ಹಣಕಾಸು ವರ್ಷ ಮುಗಿದ ಮೇಲೆ 15 ವರ್ಷ ಎಣಿಸಿದರೆ, ಅವಧಿ ಮುಗಿಯುವುದು ಮಗಳು ಕಾಲೇಜು ಸೇರುವ ವರ್ಷದ ಏಪ್ರಿಲ್‌ನಲ್ಲಿ. ನಾನು ಲೆಕ್ಕ ಹಾಕಿದಾಗ ಇದರ ಬಡ್ಡಿ ಶೇಕಡಾ 7.1 ಇತ್ತು. ಸರ್ಕಾರ ಮೂರು ತಿಂಗಳಿಗೊಮ್ಮೆ ದರ ಪ್ರಕಟಿಸುತ್ತದೆ, ಆದ್ದರಿಂದ ಸ್ವಲ್ಪ ಕೆಳಗೆ ಹಿಡಿದೆ. ಬಡ್ಡಿಗೆ ತೆರಿಗೆ ಇಲ್ಲ. ಇನ್ನೊಂದು ಅನುಕೂಲ ನಮ್ಮ ಲೆಕ್ಕಕ್ಕೆ ಹೇಳಿ ಮಾಡಿಸಿದಂತಿದೆ: ಅವಧಿ ಮುಗಿದ ಮೇಲೆ ಹೊಸದಾಗಿ ಹಣ ಕಟ್ಟದೆ ಖಾತೆಯನ್ನು ಹಾಗೆಯೇ ಮುಂದುವರಿಸಿದರೆ, ಉಳಿದ ಹಣಕ್ಕೆ ಬಡ್ಡಿ ಬರುತ್ತಿರುತ್ತದೆ, ವರ್ಷಕ್ಕೊಮ್ಮೆ ಬೇಕಾದಷ್ಟು ತೆಗೆಯಬಹುದು. ನಾಲ್ಕು ವರ್ಷದ ಶುಲ್ಕಕ್ಕೆ ನಾಲ್ಕು ಬಾರಿ ತೆಗೆದರಾಯಿತು. ಕಟ್ಟುವವರು ತಿಂಗಳ 5ನೇ ತಾರೀಖಿನೊಳಗೆ ಕಟ್ಟಬೇಕು, ತಡವಾದರೆ ಆ ಕಂತಿಗೆ ಆ ತಿಂಗಳ ಬಡ್ಡಿ ಬರುವುದಿಲ್ಲ.

ಮಗಳ ಹೆಸರಿನ ಸುಕನ್ಯಾ ಸಮೃದ್ಧಿ ಖಾತೆಗೆ ಶೇಕಡಾ 8.2 ಬಡ್ಡಿ ಇರುವಾಗ ಅಲ್ಲಿಯೇ ಏಕೆ ಕಟ್ಟಬಾರದೆಂದು ಅಂಚೆ ಕಚೇರಿಯಲ್ಲಿ ಪರಿಚಯದವರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಆದರೆ ಓದಿಗೆಂದು ಅಲ್ಲಿಂದ ತೆಗೆಯಲು ಸಿಗುವುದು ಹಿಂದಿನ ಹಣಕಾಸು ವರ್ಷದ ಕೊನೆಯಲ್ಲಿದ್ದ ಹಣದ ಅರ್ಧದಷ್ಟು ಮಾತ್ರ. ಉಳಿದದ್ದಕ್ಕೆ ಖಾತೆ ತೆರೆದು 21 ವರ್ಷವಾಗುವವರೆಗೆ ಕಾಯಬೇಕು. 19,26,500 ಪೂರ್ತಿ ಅಲ್ಲಿದ್ದರೆ ಕೈಗೆ ಬರುವುದು 9,63,000. ಮೊದಲೆರಡು ವರ್ಷದ ಖರ್ಚೇ 9,88,000. ಬಡ್ಡಿ ಹೆಚ್ಚಿದ್ದರೂ ಬೇಕಾದ ದಿನ ಹಣ ಸಿಗದಿದ್ದರೆ ಈ ಕೆಲಸಕ್ಕೆ ಅದು ಒದಗದು. ಆ ಖಾತೆಯಲ್ಲಿ ಬೇರೆಯಾಗಿ ಸ್ವಲ್ಪ ಕಟ್ಟುತ್ತಿದ್ದೇನೆ, ಅದನ್ನು ಈ ಲೆಕ್ಕಕ್ಕೆ ಸೇರಿಸಿಲ್ಲ.

ಈಗ ತಿಂಗಳ ಮೊತ್ತ. ಪ್ರತಿ ತಿಂಗಳೂ ಒಂದೇ ಮೊತ್ತ, 120 ತಿಂಗಳು ಕಟ್ಟುವುದಾದರೆ ಶೀಟಿನಲ್ಲಿ ಹೀಗೆ:

```
=PMT(1.07^(1/12)-1, 120, 0, -1926500)
```

ಉತ್ತರ ಸುಮಾರು 11,260 ರೂಪಾಯಿ. ನಮ್ಮ ಇಬ್ಬರ ಸಂಬಳದಲ್ಲಿ ಆ ವರ್ಷ ಅದು ಆಗುವ ಮಾತಾಗಿರಲಿಲ್ಲ. ಆದರೆ ಶುಲ್ಕ ವರ್ಷವರ್ಷ ಏರುವಂತೆ ನಮ್ಮ ಸಂಬಳವೂ ಅಷ್ಟಿಷ್ಟು ಏರುತ್ತದೆ. ಹಾಗಿರುವಾಗ ಉಳಿತಾಯ ಮಾತ್ರ ಹತ್ತು ವರ್ಷ ನಿಂತಲ್ಲೇ ಏಕೆ ನಿಲ್ಲಬೇಕು? ವರ್ಷಕ್ಕೆ ಶೇಕಡಾ 6ರಂತೆ ಕಂತನ್ನು ಏರಿಸುತ್ತಾ ಹೋದರೆ ಎಷ್ಟರಿಂದ ಶುರು ಮಾಡಬಹುದೆಂದು ನೋಡಿದೆ.

ಇದಕ್ಕೆ ಸಿದ್ಧ ಸೂತ್ರ ಹುಡುಕುವ ಬದಲು ಹತ್ತು ಸಾಲಿನ ಪಟ್ಟಿ ಮಾಡಿದೆ. ತಿಂಗಳಿಗೆ ಒಂದು ರೂಪಾಯಿ ಕಟ್ಟಿದರೆ ಶೇಕಡಾ 7ರ ಲೆಕ್ಕದಲ್ಲಿ ವರ್ಷದ ಕೊನೆಗೆ 12.38 ರೂಪಾಯಿ ಆಗುತ್ತದೆ. ಆದ್ದರಿಂದ ಪ್ರತಿ ಸಾಲಿನಲ್ಲಿ ಹಿಂದಿನ ಸಾಲಿನ ಮೊತ್ತವನ್ನು 1.07ರಿಂದ ಗುಣಿಸಿ, ಆ ವರ್ಷದ ಕಂತನ್ನು 12.38ರಿಂದ ಗುಣಿಸಿ ಸೇರಿಸುವುದು. ಮೊದಲ ಕಂತನ್ನು ಹೆಚ್ಚು ಕಡಿಮೆ ಮಾಡುತ್ತಾ, ಹತ್ತನೇ ಸಾಲು 19,26,500 ಮುಟ್ಟುವವರೆಗೆ ನೋಡುವುದು. 8,830 ಹಾಕಿದಾಗ ಮುಟ್ಟಿತು. ಹತ್ತನೇ ವರ್ಷಕ್ಕೆ ಕಂತು 14,900 ದಾಟುತ್ತದೆ, ಆದರೆ ಅದನ್ನು ಕಟ್ಟುವುದು ಹತ್ತನೇ ವರ್ಷದ ಸಂಬಳದಿಂದ. ಪಿಪಿಎಫ್‌ಗೆ ವರ್ಷಕ್ಕೆ 1,50,000ದ ಮಿತಿ ಇರುವುದರಿಂದ ಏಳನೇ ವರ್ಷದಿಂದ ಹೆಚ್ಚಾಗುವ ಹಣವನ್ನು ಬೇರೆ ಕಡೆ, ಬಹುಶಃ ಅಂಚೆ ಕಚೇರಿಯ ಆರ್‌ಡಿಯಲ್ಲಿ, ಇಡಬೇಕಾಗುತ್ತದೆ.

ಈ ಲೆಕ್ಕವೆಲ್ಲ ನಿಂತಿರುವುದು ಶುಲ್ಕದ ಏರಿಕೆ ಶೇಕಡಾ 8 ಎಂಬ ಊಹೆಯ ಮೇಲೆ. ಏರಿಕೆ ಶೇಕಡಾ 10 ಆದರೆ? ಅದನ್ನೂ ಹಾಕಿ ನೋಡಿದೆ. ಒಂದೇ ಸಮನೆ ಕಟ್ಟುವ ಕಂತು 11,260ರಿಂದ 13,900ಕ್ಕೆ ಹಾರಿತು. ಎರಡೇ ಅಂಶ ಹೆಚ್ಚಾದರೆ ಕಂತು ಸುಮಾರು ಕಾಲು ಭಾಗದಷ್ಟು ಏರುತ್ತದೆ. ಹತ್ತು ವರ್ಷದ ದರವನ್ನು ಇಂದೇ ಸರಿಯಾಗಿ ಊಹಿಸಲು ಯಾರಿಗೂ ಆಗುವುದಿಲ್ಲ. ಅದಕ್ಕೇ ಪ್ರವೇಶದ ಸಮಯದಲ್ಲಿ ಪ್ರತಿ ವರ್ಷವೂ ಲೆಕ್ಕವನ್ನು ತಿದ್ದಬೇಕು. ಈ ಇಡೀ ಕೆಲಸದಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ನಂಬುವುದು ಈ ತಿದ್ದುಪಡಿಯನ್ನು.

ಈ ವರ್ಷ ಮೊದಲ ಬಾರಿ ತಿದ್ದಿದೆ. ಅದೇ ಕಾಲೇಜಿನಲ್ಲಿ ಹೊಸದಾಗಿ ಸೇರುವವರಿಗೆ ಎಲ್ಲವೂ ಸೇರಿ ವರ್ಷದ ಖರ್ಚು 2,42,000 ಆಗಿದೆ. ಶೇಕಡಾ 8ರ ಪ್ರಕಾರ 2,37,600 ಇರಬೇಕಿತ್ತು, ಆದರೆ ಏರಿದ್ದು ಶೇಕಡಾ 10. ಮುಂದಿನ ಒಂಬತ್ತು ವರ್ಷಕ್ಕೆ ಮತ್ತೆ 8ನ್ನೇ ಹಿಡಿದಾಗ ಗುರಿ 19,62,000ಕ್ಕೆ ಸರಿಯಿತು. ಮೊದಲ ವರ್ಷ ಕಟ್ಟಿದ್ದು ಬಡ್ಡಿ ಸೇರಿ ಸುಮಾರು 1,09,300 ಆಗಿದೆ, ಒಂಬತ್ತು ವರ್ಷದಲ್ಲಿ ಅದು ಸುಮಾರು 2,01,000 ಆಗುತ್ತದೆ. ಅದನ್ನು ಗುರಿಯಿಂದ ಕಳೆದು, ಉಳಿದದ್ದಕ್ಕೆ ಒಂಬತ್ತು ಸಾಲಿನ ಪಟ್ಟಿ ಮಾಡಿದೆ. ಈ ವರ್ಷ 9,360 ಕಟ್ಟಬೇಕಿದ್ದ ಕಂತು 9,550 ಆಯಿತು. ಶುಲ್ಕ ಊಹೆಯನ್ನು ಮೀರಿದರೂ ಅದೇ ವರ್ಷ ತಿದ್ದಿದ್ದರಿಂದ ತಿಂಗಳಿಗೆ 190 ರೂಪಾಯಿ ಸೇರಿಸಿದರೆ ಸಾಕಾಯಿತು. ಇದೇ ವ್ಯತ್ಯಾಸ ಎಂಟು ವರ್ಷ ಗಮನಕ್ಕೆ ಬಾರದೆ ಬೆಳೆದಿದ್ದರೆ, ಉಳಿದ ಎರಡು ವರ್ಷದಲ್ಲಿ ತುಂಬಿಕೊಳ್ಳಲು ಯಾವ ಸಂಬಳವೂ ಸಾಲದು. ಏರಿಕೆ ಸತತವಾಗಿ ಮೂರು ವರ್ಷ 8ನ್ನು ಮೀರಿದರೆ ದರವನ್ನೇ 9ಕ್ಕೋ 10ಕ್ಕೋ ಬದಲಿಸುವುದೆಂದು ಶೀಟಿನ ಮೇಲೆಯೇ ಬರೆದಿಟ್ಟಿದ್ದೇನೆ.

ಕಾರಟಗಿಯ ಹತ್ತಿರ ನನ್ನ ಅಣ್ಣ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುತ್ತಾನೆ. ಅವನ ಮಗನಿಗೂ ನನ್ನ ಮಗಳದೇ ವಯಸ್ಸು. ‘ತಂಗಿ, ನಿನ್ನದು ತಿಂಗಳ ಲೆಕ್ಕ, ನನಗೆ ಹಣ ಬರುವುದು ಭತ್ತ ಮಾರಿದಾಗ ಮಾತ್ರ’ ಎಂದ. ಅವನು ಹೇಳಿದ್ದು ಸರಿ. 8,830ನ್ನು ಹನ್ನೆರಡರಿಂದ ಗುಣಿಸಿದರೆ ವರ್ಷಕ್ಕೆ ಸುಮಾರು 1,06,000. ಇದನ್ನು ಎರಡು ಬೆಳೆಗೂ ಸಮನಾಗಿ ಹಂಚಲಿಲ್ಲ. ತುಂಗಭದ್ರಾ ಜಲಾಶಯದಲ್ಲಿ ನೀರು ಸಾಲದ ವರ್ಷ ಎರಡನೇ ಬೆಳೆಗೆ ಕಾಲುವೆ ಬಿಡುವುದಿಲ್ಲ. ಆದ್ದರಿಂದ ಮೊದಲ ಬೆಳೆಯ ಹಣದಲ್ಲಿ 70,000, ಎರಡನೆಯದರಲ್ಲಿ 36,000 ಎಂದು ಇಬ್ಬರೂ ಕುಳಿತು ಗೊತ್ತು ಮಾಡಿದೆವು. ಎರಡನೇ ಬೆಳೆ ತಪ್ಪಿದ ವರ್ಷ ಬಾಕಿ ಉಳಿಯುವ 36,000ವನ್ನು ಮುಂದಿನ ವರ್ಷದ ತಿದ್ದುಪಡಿಯಲ್ಲಿ ಸೇರಿಸಿದರೆ, ಅದು ಉಳಿದ ವರ್ಷಗಳ ಮೇಲೆ ಹರಡಿಕೊಳ್ಳುತ್ತದೆ. ಅವನ ಪಟ್ಟಿಯನ್ನು ನನ್ನ ಶೀಟಿನ ಪಕ್ಕದ ಪುಟದಲ್ಲಿಯೇ ಇಟ್ಟಿದ್ದೇನೆ, ಎರಡನ್ನೂ ಒಟ್ಟಿಗೇ ತಿದ್ದುತ್ತೇನೆ.